ಹೊಸ ಸೂಪರ್ ಮಾರ್ಕೆಟ್‌ಗೆ 30 ಸೆಕೆಂಡಿನ ಧ್ವನಿ ಜಾಹೀರಾತು: ಒಂದೇ ದನಿಯೇ, ಸಂಭಾಷಣೆಯೇ, ಹಾಡೇ?

ಸಣ್ಣ ಊರಿನಲ್ಲಿ ಸೂಪರ್ ಮಾರ್ಕೆಟ್ ತೆರೆಯುವವರು ಧ್ವನಿ ಜಾಹೀರಾತು ಬರೆಸಲು ಬಂದಾಗ, ಅವರ ಮನಸ್ಸಿನಲ್ಲಿ ಮೊದಲೇ ಒಂದು ರೂಪ ಕೂತಿರುತ್ತದೆ. ಕೆಲವರಿಗೆ ಗಂಭೀರ ದನಿಯೊಂದು ವಿಷಯ ಹೇಳಿ ಮುಗಿಸಬೇಕು. ಕೆಲವರಿಗೆ ಇಬ್ಬರು ನೆರೆಮನೆಯವರು ಮಾತಾಡಿಕೊಳ್ಳಬೇಕು. ಬಹಳ ಜನರಿಗೆ ಹಾಡು ಬೇಕು. ಮೂರೂ ಒಳ್ಳೆಯ ರೂಪಗಳೇ. ಆದರೆ ಅಂಗಡಿ ತೆರೆಯುವ ಮುಂಚಿನ ವಾರಕ್ಕೆ ಮೂರೂ ಒಂದೇ ರೀತಿ ಹೊಂದುವುದಿಲ್ಲ. ಯಾವುದು ಹೊಂದುತ್ತದೆ ಎಂಬುದನ್ನು ರುಚಿಯಿಂದ ತೀರ್ಮಾನಿಸುವುದಕ್ಕಿಂತ ಎಣಿಸಿ ತೀರ್ಮಾನಿಸುವುದು ಸುಲಭ. ಇಲ್ಲಿ ಅದನ್ನೇ ಮಾಡಿದ್ದೇನೆ. ಒಂದೇ ಅಂಗಡಿಗೆ ಎರಡು ಪೂರ್ಣ ಬರಹ ಬರೆದು, ಎಣಿಸಿ, ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಮೂರನೆಯದಾದ ಹಾಡನ್ನು ಲೆಕ್ಕದಲ್ಲೇ ಪರೀಕ್ಷಿಸಿದ್ದೇನೆ.

ಮೊದಲು ಅಳತೆಗೋಲು. ಇಂಗ್ಲಿಷಿನಲ್ಲಿ ಜಾಹೀರಾತು ಬರೆಯುವವರು ಪದಗಳನ್ನು ಎಣಿಸುತ್ತಾರೆ. ಕನ್ನಡದಲ್ಲಿ ಆ ಲೆಕ್ಕ ಕೈಕೊಡುತ್ತದೆ. ‘ಹಾಲು’ ಒಂದು ಪದ, ‘ಕೊಳ್ಳಲೇಬೇಕಲ್ಲವೇ’ ಎಂಬುದೂ ಒಂದೇ ಪದ. ಮೊದಲನೆಯದು ಬಾಯಿಂದ ಹೊರಡುವಷ್ಟರಲ್ಲಿ ಎರಡನೆಯದು ಅರ್ಧ ದಾರಿಯನ್ನೂ ಮುಟ್ಟಿರುವುದಿಲ್ಲ. ಆದ್ದರಿಂದ ನಾನು ಉಚ್ಚಾರದ ಅಕ್ಷರಗಳನ್ನು ಎಣಿಸುತ್ತೇನೆ. ಒತ್ತಕ್ಷರ ಒಂದೇ ಲೆಕ್ಕ. ಪದದ ಕೊನೆಯ ಅರ್ಧಾಕ್ಷರವನ್ನು ಹಿಂದಿನದರ ಜೊತೆ ಸೇರಿಸುತ್ತೇನೆ. ಹೀಗಾಗಿ ‘ಬಸ್’ 1, ‘ಮಾರ್ಕೆಟ್’ 2, ‘ಶುಕ್ರವಾರ’ 4. ಅವಸರವಿಲ್ಲದೆ ಸ್ಪಷ್ಟವಾಗಿ ಓದುವ ದನಿ ಸೆಕೆಂಡಿಗೆ ಐದರಿಂದ ಆರು ಅಕ್ಷರ ಹೇಳುತ್ತದೆ. ಐದೂವರೆ ಎಂದು ಹಿಡಿದರೆ 30 ಸೆಕೆಂಡಿಗೆ 165 ಆಗುತ್ತದೆ. ಆದರೆ ವಾಕ್ಯಗಳ ನಡುವಿನ ಉಸಿರಿಗೆ ನಾಲ್ಕೈದು ಸೆಕೆಂಡು ಬಿಡಲೇಬೇಕು. ಹಾಗಾಗಿ ಬರೆಯುವವರಿಗೆ ಉಳಿಯುವುದು ಸುಮಾರು 140 ಅಕ್ಷರ. ಇದಿಷ್ಟೇ ನಮ್ಮ ಬಂಡವಾಳ.

ಈ ಬಂಡವಾಳವನ್ನು ಎಲ್ಲಿ ಹೂಡಬೇಕು ಎನ್ನುವುದಕ್ಕೆ ಸಣ್ಣ ಊರಿನ ಸ್ವಭಾವ ತಿಳಿದಿರಬೇಕು. ದೊಡ್ಡ ನಗರದಲ್ಲಿ ಹೊಸ ಅಂಗಡಿ ಬಂದಿದೆ ಎಂಬುದೇ ಸುದ್ದಿ. ಸಣ್ಣ ಊರಿನಲ್ಲಿ ಅದು ಸುದ್ದಿಯಲ್ಲ. ಕಟ್ಟಡಕ್ಕೆ ಬಣ್ಣ ಬಳಿದದ್ದನ್ನು, ಗಾಜಿನ ಬಾಗಿಲು ಬಂದಿಳಿದದ್ದನ್ನು, ಕೆಲಸಕ್ಕೆ ಯಾರ ಮನೆಯ ಮಕ್ಕಳು ಸೇರಿದರು ಎಂಬುದನ್ನು ಊರು ತಿಂಗಳುಗಳಿಂದ ನೋಡುತ್ತಲೇ ಇದೆ. ‘ಗ್ರಾಹಕರಿಗೊಂದು ಸಿಹಿ ಸುದ್ದಿ! ನಿಮ್ಮ ನೆಚ್ಚಿನ ಊರಿನಲ್ಲಿ ಇದೇ ಮೊದಲ ಬಾರಿಗೆ’ ಎಂದು ಆರಂಭಿಸಿದರೆ 27 ಅಕ್ಷರ ಖರ್ಚಾಯಿತು. ಐದು ಸೆಕೆಂಡು ಹೋಯಿತು. ಕೇಳುಗರಿಗೆ ಗೊತ್ತಿಲ್ಲದ ಒಂದು ಸಂಗತಿಯೂ ಅದರಲ್ಲಿಲ್ಲ.

ಅವರಿಗೆ ಗೊತ್ತಿಲ್ಲದಿರುವುದು ಬೇರೆ. ಎಂದು ತೆರೆಯುತ್ತಾರೆ ಎಂಬುದು ಒಂದು. ಅದಕ್ಕಿಂತ ದೊಡ್ಡದು, ಬಾಯಿಬಿಟ್ಟು ಕೇಳದ ಸಂಕೋಚಗಳು. ಒಳಗೆ ಹೋಗಿ ಏನೂ ಕೊಳ್ಳದೆ ಬಂದರೆ ತಪ್ಪು ತಿಳಿಯುತ್ತಾರೆಯೇ? ಎಲ್ಲವೂ ದೊಡ್ಡ ಪೊಟ್ಟಣಗಳಲ್ಲೇ ಇರುತ್ತದೆಯೇ, ಸ್ವಲ್ಪವೇ ಬೇಕೆಂದರೆ ಕೊಡುತ್ತಾರೆಯೇ? ಅದು ಹಣವಂತರ ಅಂಗಡಿಯೇ? ಪರಿಚಯದ ಅಂಗಡಿಯವರ ಮುಂದೆ ನಿಂತು ಬೇಕಾದ್ದನ್ನು ಕೇಳಿ ಕೊಂಡು ಅಭ್ಯಾಸವಾದವರಿಗೆ, ತಾವೇ ತಳ್ಳುಗಾಡಿ ಹಿಡಿದು ಸಾಲುಗಳ ನಡುವೆ ನಡೆಯುವುದು ಸಣ್ಣ ಬದಲಾವಣೆಯಲ್ಲ. ಉದ್ಘಾಟನೆಯ ಜಾಹೀರಾತಿನಲ್ಲಿ ದಿನ, ಜಾಗ, ಹೆಸರು ಇವುಗಳ ಜೊತೆ ಈ ಸಂಕೋಚವನ್ನು ಕರಗಿಸುವ ಒಂದು ಮಾತಿಗೆ ಸ್ಥಳವಿರಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ರಿಯಾಯಿತಿಯ ಅಬ್ಬರಕ್ಕಿಂತ ಈ ಒಂದು ಮಾತು ಹೆಚ್ಚು ಜನರನ್ನು ಹೊಸ್ತಿಲು ದಾಟಿಸುತ್ತದೆ.

ಈಗ ಮೊದಲ ರೂಪ, ಒಂದೇ ದನಿ. ಅಂಗಡಿ ಬಸ್ ನಿಲ್ದಾಣದ ಎದುರಿಗಿದೆ, ಅಲ್ಲಿ ಹಿಂದೆ ಚಿತ್ರಮಂದಿರವಿತ್ತು, ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ ಎಂದು ಇಟ್ಟುಕೊಳ್ಳೋಣ. ಅಂಗಡಿಯ ಹೆಸರಿಗೆ 4 ಅಕ್ಷರ ಮೀಸಲಿಟ್ಟಿದ್ದೇನೆ.

“ಬಸ್ ನಿಲ್ದಾಣದ ಎದುರು, ಹಳೆಯ ಚಿತ್ರಮಂದಿರದ ಜಾಗದಲ್ಲಿ ಕಟ್ಟುತ್ತಿದ್ದ ಅಂಗಡಿ ಸಿದ್ಧವಾಗಿದೆ. (ಹೆಸರು) ಸೂಪರ್ ಮಾರ್ಕೆಟ್. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ದಿನಸಿ, ತರಕಾರಿ, ಹಾಲು, ಸೋಪು, ಮಕ್ಕಳ ನೋಟ್‌ಬುಕ್. ಒಳಗೆ ಬನ್ನಿ, ಕೈಯಲ್ಲಿ ಹಿಡಿದು ನೋಡಿ. ಕಾಲು ಕಿಲೋ ಬೇಕಿದ್ದರೂ ಕೊಡುತ್ತೇವೆ, ಏನೂ ಕೊಳ್ಳದೆ ಹೊರಟರೂ ಸರಿ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಬಸ್ ನಿಲ್ದಾಣದ ಎದುರು. (ಹೆಸರು) ಸೂಪರ್ ಮಾರ್ಕೆಟ್.”

ಒಟ್ಟು 139 ಅಕ್ಷರ. ಓದಲು 25 ಸೆಕೆಂಡು, ಉಸಿರಿಗೆ ನಾಲ್ಕು. ಮೊದಲ ವಾಕ್ಯ ‘ನಿಮಗೆ ಗೊತ್ತಿರುವ ಆ ಕಟ್ಟಡ’ ಎಂದು ಬೆರಳು ತೋರಿಸುತ್ತದೆ. ಕೇಳುಗರ ತಲೆಯಲ್ಲಿ ಚಿತ್ರ ಆಗಲೇ ಇದೆ, ನಾವು ಅದಕ್ಕೊಂದು ಹೆಸರು ಅಂಟಿಸುತ್ತಿದ್ದೇವೆ ಅಷ್ಟೆ. ಹೆಸರು ಬರುವುದು 33 ಅಕ್ಷರಗಳ ನಂತರ, ಅಂದರೆ ಏಳನೆಯ ಸೆಕೆಂಡಿನ ಹೊತ್ತಿಗೆ. ಹದಿಮೂರನೆಯ ಸೆಕೆಂಡಿನೊಳಗೆ ಜಾಗ, ಹೆಸರು, ದಿನ, ಸಮಯ ಎಲ್ಲವೂ ಕಿವಿಗೆ ಬಿದ್ದಿವೆ. ಯಾರೋ ಕರೆದರೆಂದು ಅಲ್ಲಿಗೇ ರೇಡಿಯೋ ಆರಿಸಿದವರಿಗೂ ಬೇಕಾದದ್ದು ಸಿಕ್ಕಿದೆ. ಕೊನೆಯಲ್ಲಿ ಅವೇ ಸಂಗತಿಗಳು ಮತ್ತೊಮ್ಮೆ ಬರುತ್ತವೆ. ಕಿವಿಗೆ ಪುಟ ತಿರುಗಿಸಿ ನೋಡುವ ಅನುಕೂಲವಿಲ್ಲ, ಆದ್ದರಿಂದ ಈ ಪುನರಾವರ್ತನೆ ದುಂದು ಅಲ್ಲ.

ಎರಡು ಸಂಗತಿಗಳನ್ನು ಬೇಕೆಂದೇ ಬಿಟ್ಟಿದ್ದೇನೆ. ಒಂದು ದೂರವಾಣಿ ಸಂಖ್ಯೆ. ಹತ್ತು ಅಂಕಿಗಳನ್ನು ಒಮ್ಮೆ ಕೇಳಿ ಯಾರೂ ನೆನಪಿಡುವುದಿಲ್ಲ. ಊರೊಳಗಿನ ಅಂಗಡಿಗೆ ಕರೆ ಮಾಡಿ ದಾರಿ ಕೇಳಬೇಕಾದವರೂ ಇಲ್ಲ. ಇನ್ನೊಂದು ತಾರೀಕು. ಗದ್ದಲದಲ್ಲಿ ‘ಹದಿನಾರು’ ಮತ್ತು ‘ಹದಿನೇಳು’ ಒಂದೇ ರೀತಿ ಕೇಳುತ್ತವೆ. ವಾರದ ಹೆಸರುಗಳಲ್ಲಿ ಆ ಗೊಂದಲ ಕಡಿಮೆ. ಆದರೆ ವಾರದ ಹೆಸರು ಬಳಸುವವರು ಜಾಹೀರಾತನ್ನು ತೆರೆಯುವ ದಿನದ ಹಿಂದಿನ ಶನಿವಾರಕ್ಕಿಂತ ಮೊದಲು ಹಾಕಬಾರದು. ಹಾಕಿದರೆ ಜನ ಒಂದು ವಾರ ಮುಂಚೆಯೇ ಬಂದು ಮುಚ್ಚಿದ ಬಾಗಿಲು ನೋಡಿ ಹೋಗುತ್ತಾರೆ.

ಎರಡನೆಯ ರೂಪ ಸಂಭಾಷಣೆ. ನಾನು ಬರೆದ ಮೊದಲ ಉದ್ಘಾಟನೆಯ ಜಾಹೀರಾತು ಇದೇ ಆಗಿತ್ತು. ಅದನ್ನು ಪ್ರೀತಿಯಿಂದ ಬರೆದಿದ್ದೆ. ಜನ ಆ ಇಬ್ಬರ ಮಾತನ್ನು ನೆನಪಿಟ್ಟುಕೊಂಡರು, ಬೀದಿಯಲ್ಲಿ ಹೇಳಿಕೊಂಡು ನಕ್ಕರು. ಎಂದು ತೆರೆಯುತ್ತದೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ದಿನ ಹೇಳಿದರು. ತಪ್ಪು ಎಲ್ಲಿತ್ತು ಎಂದು ಹುಡುಕಿದ ಮೇಲೆಯೇ ಅಕ್ಷರ ಎಣಿಸುವ ಅಭ್ಯಾಸ ಶುರುವಾಯಿತು. ಅದೇ ಅಚ್ಚಿನಲ್ಲಿ ಈ ಅಂಗಡಿಗೊಂದು ಬರೆದರೆ ಹೀಗಿರುತ್ತದೆ.

“ಎಲ್ಲಿಗೆ ಹೊರಟಿರಿ ಇಷ್ಟು ಬೇಗ?”
“ಬಸ್ ನಿಲ್ದಾಣದ ಎದುರಿಗೆ. ಇವತ್ತು ಆ ಹೊಸ ಅಂಗಡಿ ತೆರೆಯುತ್ತದೆ.”
“ಅಲ್ಲಿಗೆ ಹೋದರೆ ಬುಟ್ಟಿ ತುಂಬ ಕೊಳ್ಳಲೇಬೇಕಲ್ಲವೇ?”
“ಯಾರು ಹೇಳಿದರು? ನನಗೆ ಬೇಕಾಗಿರುವುದು ಕಾಲು ಕಿಲೋ ಸಕ್ಕರೆ.”
“ಹಾಗಾದರೆ ನಿಲ್ಲಿ, ನಾನೂ ಬಂದೆ.”
(ನಿರೂಪಕರ ದನಿ) “(ಹೆಸರು) ಸೂಪರ್ ಮಾರ್ಕೆಟ್. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಬಸ್ ನಿಲ್ದಾಣದ ಎದುರು.”

ಇದು ಚಂದವಾಗಿದೆ, ಒಪ್ಪುತ್ತೇನೆ. ಸಂಕೋಚವನ್ನು ಕರಗಿಸುವ ಕೆಲಸವನ್ನು ಮೊದಲ ಬರಹಕ್ಕಿಂತ ಚೆನ್ನಾಗಿ ಮಾಡುತ್ತದೆ. ‘ಕಾಲು ಕಿಲೋ ಬೇಕಿದ್ದರೂ ಕೊಡುತ್ತೇವೆ’ ಎಂದು ಅಂಗಡಿಯವರು ಹೇಳುವುದಕ್ಕೂ, ಪಕ್ಕದ ಮನೆಯವರು ಅಷ್ಟನ್ನೇ ಕೊಳ್ಳಲು ಹೊರಡುವುದಕ್ಕೂ ಬಹಳ ವ್ಯತ್ಯಾಸವಿದೆ. ಆದರೆ ಎಣಿಸಿ ನೋಡಿ. ಅಂಗಡಿಯ ಹೆಸರು ಬರುವುದು 83 ಅಕ್ಷರಗಳ ನಂತರ. ಓದಿಗೆ 15 ಸೆಕೆಂಡು, ಮಾತಿನಿಂದ ಮಾತಿಗೆ ಹೊರಳುವಾಗಿನ ಬಿಡುವು ಎರಡು, ಆರಂಭದಲ್ಲಿ ಬಾಗಿಲಿನದೋ ಬೀದಿಯದೋ ಸದ್ದು ಒಂದೂವರೆ. ಹೆಸರು ಕೇಳುವುದು ಹತ್ತೊಂಬತ್ತನೆಯ ಸೆಕೆಂಡಿನಲ್ಲಿ, ಅದೂ ಒಂದೇ ಸಲ. ದಿನ, ಸಮಯ ಕೂಡ ಒಂದೇ ಸಲ.

ಅದಕ್ಕಿಂತ ಕೆಟ್ಟ ತೊಡಕು ಎರಡನೆಯ ಮಾತಿನಲ್ಲಿ ಅಡಗಿದೆ. ಆಕೆ ‘ಇವತ್ತು’ ಎನ್ನುತ್ತಾಳೆ, ನಿರೂಪಕರು ‘ಶುಕ್ರವಾರ’ ಎನ್ನುತ್ತಾರೆ. ಬುಧವಾರ ಇದನ್ನು ಕೇಳಿದವರಿಗೆ ಯಾವುದು ನಿಜ? ಬರೆಯುವಾಗ ನಮ್ಮ ತಲೆಯಲ್ಲಿ ಅಂಗಡಿ ತೆರೆದ ದಿನದ ದೃಶ್ಯ ಓಡುತ್ತಿರುತ್ತದೆ, ಆದ್ದರಿಂದ ಇದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ತಿದ್ದೋಣವೆಂದು ‘ಇವತ್ತು’ ತೆಗೆದು ‘ಶುಕ್ರವಾರ’ ಹಾಕಿದರೆ, ಬುಧವಾರವೇ ಚೀಲ ಹಿಡಿದು ಆಕೆ ಎಲ್ಲಿಗೆ ಹೊರಟಳು ಎಂಬ ಪ್ರಶ್ನೆ ಏಳುತ್ತದೆ. ಸಂಭಾಷಣೆ ತಾನಾಗಿಯೇ ವರ್ತಮಾನದಲ್ಲಿ ನಡೆಯುವ ರೂಪ. ಇನ್ನೂ ಆಗದ ಸಂಗತಿಯನ್ನು ಸಾರಲು ಅದಕ್ಕೆ ಕಷ್ಟವಾಗುತ್ತದೆ. ದಿನ ಮತ್ತು ಸಮಯವನ್ನು ಪಾತ್ರಗಳ ಬಾಯಲ್ಲೇ ತುರುಕಿದರೆ ‘ಶುಕ್ರವಾರ ಬೆಳಿಗ್ಗೆ ಎಷ್ಟು ಗಂಟೆಗೆ?’, ‘ಒಂಬತ್ತು ಗಂಟೆಗೆ!’, ‘ಎಲ್ಲಿ?’ ಎಂದು ಸಾಗುತ್ತದೆ. ಹಾಗೆ ಯಾರೂ ಮಾತಾಡುವುದಿಲ್ಲ. ಕೇಳುಗರಿಗೆ ತಕ್ಷಣ ಸುಳ್ಳಿನ ವಾಸನೆ ಬಡಿಯುತ್ತದೆ.

ಹಾಗೆಂದು ಸಂಭಾಷಣೆಯನ್ನು ಎಸೆಯಬೇಕಿಲ್ಲ, ಒಂದು ವಾರ ಕಾಯಿಸಿದರೆ ಸಾಕು. ಅಂಗಡಿ ತೆರೆದ ಮೇಲೆ ದಿನ, ಸಮಯದ ಭಾರ ಇಳಿಯುತ್ತದೆ. ಆಗ ‘ಇವತ್ತು ಆ ಹೊಸ ಅಂಗಡಿ ತೆರೆಯುತ್ತದೆ’ ಎಂಬ ವಾಕ್ಯ ಬಿಟ್ಟು ‘ಆ ಹೊಸ ಅಂಗಡಿಗೆ’ ಎಂದರಾಯಿತು. ಉಳಿದ ಜಾಗದಲ್ಲಿ ಹೆಸರನ್ನು ಎರಡು ಸಲ ಹೇಳಬಹುದು. ಮೊದಲ ವಾರ ಕುತೂಹಲದವರು ಬಂದು ಹೋಗಿರುತ್ತಾರೆ, ಸಂಕೋಚದವರು ಇನ್ನೂ ಮನೆಯಲ್ಲೇ ಇರುತ್ತಾರೆ. ಅವರನ್ನು ಕರೆತರಲು ಈ ರೂಪಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಹಾಡಿನ ವಿಷಯ ಬೇಗ ಮುಗಿಯುತ್ತದೆ. ಹಾಡಿದಾಗ ಅಕ್ಷರ ಎಳೆಯುತ್ತದೆ. ಸೆಕೆಂಡಿಗೆ ಮೂರು ಎಂದು ಹಿಡಿಯಿರಿ. ಆರಂಭದ ವಾದ್ಯಕ್ಕೆ ಐದು ಸೆಕೆಂಡು, ಮುಕ್ತಾಯಕ್ಕೆ ಮೂರು ಕಳೆದರೆ 22 ಸೆಕೆಂಡಿಗೆ 66 ಅಕ್ಷರ. ನಮ್ಮ ಅಂಗಡಿಯ ಹೆಸರು 8, ದಿನ ಮತ್ತು ಸಮಯ 11, ಜಾಗ 8, ಒಟ್ಟು 27. ಎರಡು ಸಲ ಹೇಳಿದರೆ 54. ಮಿಕ್ಕ 12 ಅಕ್ಷರದಲ್ಲಿ ಯಾರ ಸಂಕೋಚವೂ ಕರಗುವುದಿಲ್ಲ. ಜೊತೆಗೆ ತಾಳಕ್ಕೆ ಕೂರಿಸಲು ‘ಒಂಬತ್ತಕ್ಕೆ’ ಎಂಬುದನ್ನು ಎಳೆದಾಡಬೇಕಾಗುತ್ತದೆ, ಅದು ಅಸ್ಪಷ್ಟವಾಗುತ್ತದೆ. ಜನಪ್ರಿಯ ಸಿನಿಮಾ ಹಾಡಿನ ಧಾಟಿಗೆ ಪದ ಬದಲಿಸಿ ಹಾಡಿಸುವ ಆಸೆಯೂ ಕೆಲವರಿಗಿರುತ್ತದೆ. ಧಾಟಿಗೂ ಹಕ್ಕುದಾರರಿರುತ್ತಾರೆ. ಮೂಲ ಧ್ವನಿಮುದ್ರಣದ ತುಣುಕನ್ನೇ ಬಳಸಿದರೆ ಅದರ ಹಕ್ಕುದಾರರ ಒಪ್ಪಿಗೆಯೂ ಬೇಕು. ಪದ ಬದಲಿಸಿದ ಮಾತ್ರಕ್ಕೆ ಧಾಟಿ ನಮ್ಮದಾಗುವುದಿಲ್ಲ.

ಆದರೆ ಹಾಡಿಗೆ ಒಂದು ಶಕ್ತಿಯಿದೆ. ಹೆಸರನ್ನು ಅದರಂತೆ ನೆನಪಿನಲ್ಲಿ ನೆಡಲು ಮಾತಿಗೆ ಆಗುವುದಿಲ್ಲ. ಆದ್ದರಿಂದ ಪೂರ್ತಿ ಹಾಡು ಮಾಡಿಸುವ ಬದಲು ಹೆಸರಿನ ಎಂಟು ಅಕ್ಷರಗಳನ್ನಷ್ಟೇ ರಾಗಕ್ಕೆ ಹಾಕಿಸಿ, ಒಂದೇ ದನಿಯ ಬರಹದ ಕೊನೆಗೆ ಕೂರಿಸಬಹುದು. ಮಾತಿನಲ್ಲಿ ಒಂದೂವರೆ ಸೆಕೆಂಡು ಹಿಡಿಯುತ್ತಿದ್ದ ಹೆಸರು ರಾಗದಲ್ಲಿ ಮೂರು ಹಿಡಿಯುತ್ತದೆ. ಹೆಚ್ಚಾದ ಒಂದೂವರೆ ಸೆಕೆಂಡನ್ನು ಬೇರೆಡೆ ಉಳಿಸಬೇಕು. ‘ಮಕ್ಕಳ ನೋಟ್‌ಬುಕ್’ (5) ಮತ್ತು ‘ಹಳೆಯ’ (3) ತೆಗೆದರೆ ಎಂಟು ಅಕ್ಷರ ಸಿಗುತ್ತವೆ, ಲೆಕ್ಕ ಸರಿಹೋಗುತ್ತದೆ. ಇದೇ ರಾಗವನ್ನು ಮುಂದೆ ಸಂಭಾಷಣೆಯ ಕೊನೆಗೂ ಹಾಕಬಹುದು. ರಾಗ ಹಾಕಿದವರಿಂದಲೂ ಹಾಡಿದವರಿಂದಲೂ ಎಲ್ಲೆಲ್ಲಿ, ಎಷ್ಟು ಕಾಲ ಬಳಸಬಹುದು ಎಂಬುದನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ಇನ್ನು ಈ ತನಕದ ಲೆಕ್ಕವನ್ನು ಕದಡುವ ಪ್ರಶ್ನೆಯೊಂದಿದೆ: ಜಾಹೀರಾತು ಎಲ್ಲಿ ಕೇಳುತ್ತದೆ? ರೇಡಿಯೋದಲ್ಲಾದರೆ ಕೇಳುಗರಿಗೆ ಆರಂಭ ಸಿಗುತ್ತದೆ. ಧ್ವನಿವರ್ಧಕ ಕಟ್ಟಿದ ವಾಹನ ಬೀದಿಯಲ್ಲಿ ಸಾಗುವಾಗ ಹಾಗಲ್ಲ. ಮನೆಯ ಮುಂದೆ ನಿಂತವರಿಗೆ ಮಾತು ಸ್ಪಷ್ಟವಾಗಿ ಕೇಳುವುದು ವಾಹನ ಐವತ್ತು ಮೀಟರ್ ದೂರವಿದ್ದಾಗಿನಿಂದ, ದಾಟಿ ಐವತ್ತು ಮೀಟರ್ ಹೋಗುವವರೆಗೆ ಎಂದು ಇಟ್ಟುಕೊಳ್ಳಿ. ಗಂಟೆಗೆ 12 ಕಿಲೋಮೀಟರ್ ವೇಗದಲ್ಲಿ ಆ ನೂರು ಮೀಟರ್ ಕಳೆಯಲು 30 ಸೆಕೆಂಡು ಬೇಕು. ಚಾಲಕ 24ಕ್ಕೆ ಏರಿಸಿದರೆ ಉಳಿಯುವುದು 15. ಅದರಲ್ಲೂ ಕೇಳುಗರು ಬರಹದ ಯಾವ ಬಿಂದುವಿನಲ್ಲಿ ಒಳಗೆ ಬರುತ್ತಾರೋ ಹೇಳಲಾಗದು. ಸಂಭಾಷಣೆ ಇಲ್ಲಿ ಪೂರ್ತಿ ಸೋಲುತ್ತದೆ. ‘ಹಾಗಾದರೆ ನಿಲ್ಲಿ, ನಾನೂ ಬಂದೆ’ ಎಂಬಲ್ಲಿಂದ ಕೇಳಿಸಿಕೊಂಡವರಿಗೆ ಯಾರು ಯಾರನ್ನು ನಿಲ್ಲಿಸಿದರು ಎಂಬುದೂ ತಿಳಿಯುವುದಿಲ್ಲ. ವಾಹನಕ್ಕೆ ಬೇರೆಯೇ ಬರಹ ಬೇಕು.

“ಬಸ್ ನಿಲ್ದಾಣದ ಎದುರು, (ಹೆಸರು) ಸೂಪರ್ ಮಾರ್ಕೆಟ್. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ಕಾಲು ಕಿಲೋ ಬೇಕಿದ್ದರೂ ಬನ್ನಿ. ಶುಕ್ರವಾರ, ಬಸ್ ನಿಲ್ದಾಣದ ಎದುರು.”

ಇದು 57 ಅಕ್ಷರ. ಬೀದಿಯ ಗದ್ದಲಕ್ಕೆ ತಕ್ಕಂತೆ ಸೆಕೆಂಡಿಗೆ ಐದರಂತೆ ನಿಧಾನವಾಗಿ ಓದಿದರೂ ಉಸಿರು ಸೇರಿ 14 ಸೆಕೆಂಡಿನೊಳಗೆ ಮುಗಿಯುತ್ತದೆ. ಎಲ್ಲಿಂದ ಕೇಳಲು ಶುರುಮಾಡಿದರೂ ಒಂದು ಸುತ್ತಿನಲ್ಲಿ ಎಲ್ಲವೂ ಸಿಗುತ್ತದೆ. ಇದರ ಹಿನ್ನೆಲೆಗೆ ಸಂಗೀತ ಹಾಕಬೇಡಿ. ತುತ್ತೂರಿಯಾಕಾರದ ಧ್ವನಿವರ್ಧಕ ತಗ್ಗು ಸ್ವರಗಳನ್ನು ಸರಿಯಾಗಿ ಹೊರಡಿಸುವುದಿಲ್ಲ. ಸ್ಟುಡಿಯೋದಲ್ಲಿ ತುಂಬಿಕೊಂಡಂತಿದ್ದ ತಬಲಾ, ಡ್ರಮ್ ಹೊರಗೆ ಬರೀ ಟಕಟಕ ಆಗಿ ಮಾತಿನ ಮೇಲೆ ಬೀಳುತ್ತದೆ. ಆಳವಾದ ದನಿಗಿಂತ ನಡುಸ್ತರದ, ವ್ಯಂಜನಗಳನ್ನು ಬಿಡಿಸಿ ಹೇಳುವ ದನಿ ಇಲ್ಲಿ ಗೆಲ್ಲುತ್ತದೆ. ಪರೀಕ್ಷೆಗೆ ದುಬಾರಿ ಉಪಕರಣ ಬೇಡ. ಮುದ್ರಿಸಿದ್ದನ್ನು ಮೊಬೈಲಿನ ಸ್ವಂತ ಸ್ಪೀಕರಿನಲ್ಲಿ ಹಾಕಿ, ಪಕ್ಕದ ಕೋಣೆಯಲ್ಲಿ ನಲ್ಲಿ ಬಿಟ್ಟು ನಿಂತು ಕೇಳಿ. ಅಲ್ಲಿ ಹೆಸರು ತಿಳಿಯದಿದ್ದರೆ ಬೀದಿಯಲ್ಲೂ ತಿಳಿಯುವುದಿಲ್ಲ.

ಬರಹ ಕೆಡುವುದು ಹೆಚ್ಚಾಗಿ ಮುದ್ರಣದ ಹಿಂದಿನ ದಿನ. ಅಂಗಡಿಯವರು ಓದಿ ಮೆಚ್ಚಿ, ‘ವಿಶಾಲವಾದ ವಾಹನ ನಿಲುಗಡೆ, ಮನೆಗೆ ತಲುಪಿಸುವ ಸೌಲಭ್ಯ, ಕಾರ್ಡ್ ಮತ್ತು ಮೊಬೈಲ್ ಪಾವತಿ’ ಎಂದು ಒಂದೇ ಒಂದು ಸಾಲು ಸೇರಿಸಿ ಎನ್ನುತ್ತಾರೆ. ಆ ಸಾಲು 31 ಅಕ್ಷರ. 139 ಹೋಗಿ 170 ಆಯಿತು. ಉಸಿರೇ ಇಲ್ಲದೆ ಓದಿದರೂ 31 ಸೆಕೆಂಡು. ಓದುವವರು ಓಡಲು ಶುರುಮಾಡುತ್ತಾರೆ, ಓಟದಲ್ಲಿ ಮೊದಲು ನುಂಗಿಹೋಗುವುದು ವಾಕ್ಯದ ಕೊನೆಗಳು, ಅಂದರೆ ನಮ್ಮ ‘ಎದುರು’ ಮತ್ತು ‘ಒಂಬತ್ತಕ್ಕೆ’. ಈ ಮಾತನ್ನು ಅಂಗಡಿಯವರಿಗೆ ವಾದದಿಂದ ಒಪ್ಪಿಸುವುದು ಕಷ್ಟ. ಗಡಿಯಾರ ಇಟ್ಟು ಅವರಿಂದಲೇ ಗಟ್ಟಿಯಾಗಿ ಓದಿಸಿದರೆ ತಾವಾಗಿಯೇ ಒಪ್ಪುತ್ತಾರೆ. ಒಂದನ್ನು ಸೇರಿಸಬೇಕೆಂದರೆ ಒಂದನ್ನು ತೆಗೆಯಬೇಕು. ಮನೆಗೆ ತಲುಪಿಸುವುದೇ ಅವರ ಹೆಗ್ಗಳಿಕೆಯಾದರೆ ‘ದಿನಸಿ, ತರಕಾರಿ, ಹಾಲು, ಸೋಪು, ಮಕ್ಕಳ ನೋಟ್‌ಬುಕ್’ ಎಂಬ 16 ಅಕ್ಷರ ಬಿಟ್ಟು ‘ಮನೆಗೆ ತಲುಪಿಸುವ ಸೌಲಭ್ಯ’ ಎಂಬ 11ನ್ನು ತರಬಹುದು. ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು, ಸೋಪು ಇರುತ್ತದೆಂದು ಜನ ಊಹಿಸಬಲ್ಲರು. ಮನೆಗೆ ತಂದುಕೊಡುತ್ತಾರೆಂದು ಊಹಿಸಲಾರರು.

ಮುದ್ರಣದ ದಿನ ಒಂದೇ ಬರಹವನ್ನು ನಾಲ್ಕು ರೀತಿ ಓದಿಸಿಕೊಳ್ಳಿ. ಗುರುವಾರಕ್ಕಿಂತ ಮೊದಲು ‘ಶುಕ್ರವಾರ ಬೆಳಿಗ್ಗೆ’, ಗುರುವಾರ ‘ನಾಳೆ ಬೆಳಿಗ್ಗೆ’, ಶುಕ್ರವಾರ ‘ಇಂದು ಬೆಳಿಗ್ಗೆ’, ಶನಿವಾರದಿಂದ ‘ಬಾಗಿಲು ತೆರೆದಿದೆ, ಬೆಳಿಗ್ಗೆ ಒಂಬತ್ತರಿಂದ’. ಬದಲಾಗುವ ಪದವನ್ನಷ್ಟೇ ಓದಿಸಿ ಆಮೇಲೆ ಕತ್ತರಿಸಿ ಅಂಟಿಸುವ ಉಳಿತಾಯ ಬೇಡ. ಒಂಟಿ ಪದದ ಏರಿಳಿತ ವಾಕ್ಯದೊಳಗಿನ ಏರಿಳಿತಕ್ಕೆ ಹೊಂದುವುದಿಲ್ಲ, ತೇಪೆ ಕೇಳಿಸುತ್ತದೆ. ಇಡೀ ವಾಕ್ಯವನ್ನೇ ಹೊಸದಾಗಿ ಓದಿಸಬೇಕು. ಓದುವವರು ‘ತೆರೆಯುತ್ತದೆ’ಯನ್ನು ಆಡುಮಾತಿನಂತೆ ಸ್ವಲ್ಪ ಸಡಿಲಿಸಿದರೆ ತಡೆಯಬೇಡಿ. ಹೆಸರು, ದಿನ, ಜಾಗ ಈ ಮೂರನ್ನು ಮಾತ್ರ ಸಡಿಲಿಸಲು ಬಿಡಬೇಡಿ. ಎಲ್ಲ ಮುಗಿದ ಮೇಲೆ, ಈ ಕೆಲಸದ ಗಂಧವಿಲ್ಲದ ಒಬ್ಬರಿಗೆ ಒಂದೇ ಒಂದು ಸಲ ಕೇಳಿಸಿ, ಹತ್ತು ನಿಮಿಷ ಬೇರೆ ಮಾತಾಡಿ, ಅಂಗಡಿ ಎಂದು ತೆರೆಯುತ್ತದೆ, ಎಲ್ಲಿ ಎಂದು ಕೇಳಿ. ಅವರು ತಡವರಿಸಿದರೆ ಧ್ವನಿಗಾರರು ಹೊರಡುವ ಮುಂಚೆಯೇ ಬರಹವನ್ನು ತಿದ್ದಿ ಇನ್ನೊಮ್ಮೆ ಓದಿಸಿ.